ಮೂವತ್ತು ದಿನದ ಮಾಲೋ, ಐವತ್ತೊಂದು ದಿನದ ಮಾಲೋ

(ಕಲಬುರಗಿಯಲ್ಲಿ ಸಗಟು ಕಿರಾಣಿ ವರ್ತಕರು ಮತ್ತು ಅವರ ಲೆಕ್ಕಪತ್ರ ನೋಡುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾರ್ಚ್ 31ರಂದು ನಮ್ಮ ಗಂಜಿನ, ಅಂದರೆ ಸಗಟು ಪೇಟೆಯ, ಗೋದಾಮುಗಳು ಹೇಗಿರುತ್ತವೆ ಎಂಬುದನ್ನು ನೀವೆಲ್ಲರೂ ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಶರಣಬಸವೇಶ್ವರ ಜಾತ್ರೆಯ ವ್ಯಾಪಾರ ಮುಗಿದಿರುತ್ತದೆ. ಚೀಲ ಎಣಿಸುವ ಕೆಲಸ ಹಗುರಾಗಲಿ ಎಂದು ಹದಿನೈದು ದಿನ ಮೊದಲೇ ಖರೀದಿಯನ್ನು ತಗ್ಗಿಸಿರುತ್ತೇವೆ, ಹೊಸ ಲಾರಿಗಳನ್ನು ಏಪ್ರಿಲ್ ಮೊದಲ ವಾರಕ್ಕೆ ಬರಹೇಳಿರುತ್ತೇವೆ. ವರ್ಷದ ಬೇರೆ ಯಾವ ದಿನವೂ ಕಾಣದಷ್ಟು ಖಾಲಿ ಜಾಗ ಅಂದು ಕಾಣುತ್ತದೆ. ಆ ಒಂದು ದಿನದ ಎಣಿಕೆಯೇ ಅಢಾವೆ ಪತ್ರಿಕೆಗೆ ಹೋಗುತ್ತದೆ, ಬ್ಯಾಂಕಿಗೆ ಹೋಗುತ್ತದೆ, ಕೊನೆಗೆ ನಮ್ಮ ಮನಸ್ಸಿನಲ್ಲಿಯೂ ಅದೇ ಅಂಕಿ ನಿಲ್ಲುತ್ತದೆ. ನನ್ನಲ್ಲಿ ಎಷ್ಟು ದಿನದ ಮಾಲಿದೆ ಎಂದು ಯಾರಾದರೂ ಕೇಳಿದರೆ ನಾವು ಹೇಳುವ ಉತ್ತರ ವರ್ಷದಲ್ಲೇ ಅತ್ಯಂತ ಖಾಲಿಯಾಗಿದ್ದ ದಿನದ ಉತ್ತರವಾಗಿರುತ್ತದೆ. ಇಂದು ನಾನು ಮಾತನಾಡಬೇಕೆಂದಿರುವುದು ಈ ಉತ್ತರದ ಬಗ್ಗೆ, ಅದು ತಪ್ಪಾದಾಗ ಎಷ್ಟು ಹಣ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದರ ಬಗ್ಗೆ.

ಮೊದಲು ಎರಡು ಮಾತುಗಳ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ನಮ್ಮ ಪೇಟೆಯಲ್ಲಿ ಟರ್ನೋವರ್ ಎಂದರೆ ವರ್ಷದ ಒಟ್ಟು ಮಾರಾಟ ಎಂದೇ ಎಲ್ಲರೂ ತಿಳಿಯುತ್ತಾರೆ. ಇನ್ವೆಂಟರಿ ಟರ್ನೋವರ್ ಎಂಬುದು ಅದಲ್ಲ. ಗೋದಾಮಿನಲ್ಲಿ ತೊಡಗಿಸಿದ ಹಣ ವರ್ಷದಲ್ಲಿ ಎಷ್ಟು ಸಲ ಮಾಲಾಗಿ ಬಂದು, ಮಾರಾಟವಾಗಿ ಹೊರಹೋಯಿತು ಎಂಬುದರ ಎಣಿಕೆ ಅದು. ಗೊಂದಲ ಬೇಡವೆಂದು ನಾನು ಅದನ್ನು ದಾಸ್ತಾನಿನ ಸುತ್ತು ಎಂದು ಕರೆಯುತ್ತೇನೆ. ವರ್ಷದಲ್ಲಿ ಮಾರಿದ ಮಾಲಿನ ಅಸಲು ಬೆಲೆಯನ್ನು ಸರಾಸರಿ ದಾಸ್ತಾನಿನ ಅಸಲು ಬೆಲೆಯಿಂದ ಭಾಗಿಸಿದರೆ ಸುತ್ತು ಸಿಗುತ್ತದೆ. 365ನ್ನು ಆ ಸುತ್ತಿನಿಂದ ಭಾಗಿಸಿದರೆ ದಾಸ್ತಾನಿನ ದಿನಗಳು ಸಿಗುತ್ತವೆ, ಅಂದರೆ ಒಂದು ಚೀಲ ಗೋದಾಮಿಗೆ ಬಂದು ಹೊರಗೆ ಹೋಗುವವರೆಗೆ ಸರಾಸರಿ ಎಷ್ಟು ದಿನ ಕುಳಿತಿರುತ್ತದೆ ಎಂಬುದು. ಇವೆರಡೂ ಒಂದೇ ಸಂಗತಿಯನ್ನು ಹೇಳುವ ಎರಡು ರೀತಿಗಳು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ದಿನಗಳ ಲೆಕ್ಕವೇ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ ಎಂಬುದು ನನ್ನ ಅನುಭವ.

ಮಾರಿದ ಮಾಲಿನ ಅಸಲು ಬೆಲೆಯನ್ನು ತೆಗೆಯುವ ಬಗೆ ನಿಮಗೆ ಗೊತ್ತಿರುವುದೇ: ವರ್ಷದ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ವರ್ಷಾಂತ್ಯದ ದಾಸ್ತಾನನ್ನು ಕಳೆಯುವುದು. ಇಲ್ಲಿ ಮಾರಾಟದ ಬೆಲೆಯನ್ನು ಬಳಸಬಾರದು. ದಾಸ್ತಾನು ಅಸಲು ಬೆಲೆಯಲ್ಲಿರುತ್ತದೆ, ಮಾರಾಟದಲ್ಲಿ ಲಾಭವೂ ಸೇರಿರುತ್ತದೆ. ಇವೆರಡನ್ನು ಒಂದರ ಮೇಲೊಂದು ಇಟ್ಟು ಭಾಗಿಸಿದರೆ, ಲಾಭ ಹೆಚ್ಚಿರುವ ಸರಕು ನಿಜಕ್ಕಿಂತ ವೇಗವಾಗಿ ಓಡುತ್ತಿರುವಂತೆ ಕಾಣುತ್ತದೆ. ನಿಮ್ಮಲ್ಲಿ ಬಹಳ ಮಂದಿ ಲೆಕ್ಕ ಬರೆಯಲು ಟ್ಯಾಲಿ ತಂತ್ರಾಂಶ ಬಳಸುತ್ತೀರಿ. ಅದರ Ratio Analysis ಪರದೆಯಲ್ಲಿ Inventory Turnover ಎಂಬ ಸಾಲು ಬರುತ್ತದೆ. ಅದು ಮಾರಾಟವನ್ನು ಅಂದಿನ ದಾಸ್ತಾನಿನಿಂದ ಭಾಗಿಸಿದ ಅಂಕಿ. ಮೇಲಿನ ಸಂಖ್ಯೆಯಲ್ಲಿ ಲಾಭ ಸೇರಿದೆ, ಕೆಳಗಿನ ಸಂಖ್ಯೆ ಒಂದೇ ದಿನದ್ದು. ವೆಚ್ಚದ ಹತೋಟಿಗೆ ಆ ಸಾಲನ್ನು ನೇರವಾಗಿ ಬಳಸಬೇಡಿ ಎಂದು ನಾನು ಹೇಳುವುದು ಈ ಎರಡು ಕಾರಣಗಳಿಂದ.

ಈಗ ಒಂದು ಅಂಗಡಿಯ ಲೆಕ್ಕವನ್ನು ತೆಗೆದುಕೊಳ್ಳೋಣ. ಅದು ಗಂಜಿನಲ್ಲಿರುವ ಸಗಟು ಕಿರಾಣಿ ಅಂಗಡಿ. ಆಳಂದ, ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಚಿಲ್ಲರೆ ಅಂಗಡಿಗಳಿಗೆ ಮಾಲು ಕೊಡುತ್ತದೆ. ಹೆಸರನ್ನು ಹೇಳುವುದಿಲ್ಲ, ಅಂಕಿಗಳನ್ನು ನೆನಪಿಡಲು ಅನುಕೂಲವಾಗುವಂತೆ ದುಂಡಾಗಿಸಿದ್ದೇನೆ. ವರ್ಷದ ಮಾರಾಟ 10 ಕೋಟಿ 46 ಲಕ್ಷ. ಮಾರಿದ ಮಾಲಿನ ಅಸಲು 10 ಕೋಟಿ 8 ಲಕ್ಷ. ಉಳಿದ 38 ಲಕ್ಷ ಒಟ್ಟು ಲಾಭ, ಅದರಲ್ಲಿಯೇ ಸಂಬಳ, ಹಮಾಲಿ, ಬಾಡಿಗೆ, ಬಡ್ಡಿ ಎಲ್ಲವೂ ಹೋಗಬೇಕು. ಏಪ್ರಿಲ್ 1ರ ದಾಸ್ತಾನು 80 ಲಕ್ಷ, ಮುಂದಿನ ಮಾರ್ಚ್ 31ರ ದಾಸ್ತಾನು 88 ಲಕ್ಷ. ಎರಡರ ಸರಾಸರಿ 84 ಲಕ್ಷ. 10 ಕೋಟಿ 8 ಲಕ್ಷವನ್ನು 84 ಲಕ್ಷದಿಂದ ಭಾಗಿಸಿದರೆ 12 ಸುತ್ತು, ಅಂದರೆ 30 ದಿನ. ಅಂಗಡಿಯ ಯಜಮಾನರು, ನಮ್ಮಲ್ಲಿ ಒಂದು ತಿಂಗಳ ಮಾಲಷ್ಟೇ ಇರುತ್ತದೆ, ಇದಕ್ಕಿಂತ ಕಡಿಮೆ ಇಟ್ಟು ವ್ಯಾಪಾರ ಮಾಡಲಾಗದು ಎನ್ನುತ್ತಿದ್ದರು. ಆದರೆ ಬ್ಯಾಂಕಿನಿಂದ ಒಂದು ಮಿತಿಯವರೆಗೆ ಬೇಕಾದಾಗ ಸಾಲ ತೆಗೆಯುವ ಅವರ ಸಿಸಿ ಖಾತೆ ವರ್ಷದ ಎಂಟು ತಿಂಗಳು ಮಿತಿಯ ಅಂಚಿನಲ್ಲೇ ಇರುತ್ತಿತ್ತು. ಒಂದು ತಿಂಗಳ ಮಾಲು ಮಾತ್ರ ಇರುವ ಅಂಗಡಿಗೆ ಅಷ್ಟು ಸಾಲ ಏಕೆ ಬೇಕಾಗುತ್ತದೆ ಎಂಬ ಪ್ರಶ್ನೆಯಿಂದಲೇ ನಾವು ಕೆಲಸ ಆರಂಭಿಸಿದೆವು.

ಹನ್ನೆರಡು ತಿಂಗಳ ಕೊನೆಯ ದಾಸ್ತಾನನ್ನು ಬರೆದುಕೊಂಡೆವು. ಇದಕ್ಕಾಗಿ ಹೊಸದಾಗಿ ಚೀಲ ಎಣಿಸುವ ಅಗತ್ಯವಿರಲಿಲ್ಲ. ಸಿಸಿ ಖಾತೆ ಇರುವವರು ಪ್ರತಿ ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತಾರೆ, ಅದರ ಪ್ರತಿ ಫೈಲಿನಲ್ಲಿ ಇರುತ್ತದೆ. ಕೆಲವರು ಅದನ್ನು ಅಂದಾಜಿನ ಮೇಲೆ ತುಂಬಿ ಕಳುಹಿಸುವ ರೂಢಿ ಇದೆ, ಹಾಗಿದ್ದರೆ ಆ ಅಂಕಿಗಳು ಕೆಲಸಕ್ಕೆ ಬಾರವು, ಸ್ಟಾಕ್ ರಿಜಿಸ್ಟರಿನಿಂದಲೇ ತೆಗೆಯಬೇಕು. ಈ ಅಂಗಡಿಯಲ್ಲಿ ರಿಜಿಸ್ಟರ್ ಸರಿಯಾಗಿತ್ತು. ಜೂನ್ ಕೊನೆಗೆ 1 ಕೋಟಿ 25 ಲಕ್ಷ, ಆಗಸ್ಟ್ ಕೊನೆಗೆ 1 ಕೋಟಿ 75 ಲಕ್ಷ, ದಸರೆಗೆ ಮುಂಚೆ ಸೆಪ್ಟೆಂಬರ್ ಕೊನೆಗೆ 1 ಕೋಟಿ 90 ಲಕ್ಷ ಇತ್ತು. ಹನ್ನೆರಡು ತಿಂಗಳನ್ನೂ ಕೂಡಿಸಿ ಸರಾಸರಿ ತೆಗೆದಾಗ 1 ಕೋಟಿ 40 ಲಕ್ಷ ಬಂದಿತು. ಈಗ ಅದೇ 10 ಕೋಟಿ 8 ಲಕ್ಷವನ್ನು ಇದರಿಂದ ಭಾಗಿಸಿದರೆ 7.2 ಸುತ್ತು, ಅಂದರೆ 51 ದಿನ. ಅಂಗಡಿ ಬದಲಾಗಿರಲಿಲ್ಲ, ಮಾರಾಟ ಬದಲಾಗಿರಲಿಲ್ಲ. ಅಳೆದ ದಿನಗಳು ಮಾತ್ರ ಬದಲಾಗಿದ್ದವು. ಸಾಲ ಏಕೆ ಬೇಕಾಗುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು.

ಸರಾಸರಿ ತೆಗೆಯುವಾಗ ಯಾವುದನ್ನು ಸೇರಿಸಬಾರದು ಎಂಬ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಲವರು ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತಿ ಅಂಗಡಿಯನ್ನೂ ಸಗಟು ವ್ಯಾಪಾರವನ್ನೂ ಒಂದೇ ಸೂರಿನಡಿ ನಡೆಸುತ್ತಾರೆ. ರೈತ ತಂದಿಟ್ಟು ಇನ್ನೂ ಮಾರಾಟವಾಗದ ತೊಗರಿ ರೈತನ ಮಾಲು, ನಮ್ಮ ದಾಸ್ತಾನಲ್ಲ. ಗೋದಾಮಿನಲ್ಲಿ ನಮ್ಮ ಬೇಳೆಯ ಪಕ್ಕದಲ್ಲೇ ಅದು ಇದ್ದರೂ ಲೆಕ್ಕಕ್ಕೆ ಬರಬಾರದು. ಹಾಗೆಯೇ ಬಿಲ್ ಆಗಿ, ಗಿರಾಕಿಯ ಟೆಂಪೋ ಬಾರದೆ ಉಳಿದಿರುವ ಮಾಲು ಗಿರಾಕಿಯದು. ಇದಕ್ಕೆ ತಿರುಗಾಗಿ, ನಾವು ಹಣ ಕಟ್ಟಿ ದಾರಿಯಲ್ಲಿರುವ ಲಾರಿಯ ಮಾಲು ಗೋದಾಮಿನಲ್ಲಿ ಕಾಣದಿದ್ದರೂ ನಮ್ಮ ಹಣವನ್ನು ಹಿಡಿದಿಟ್ಟಿರುತ್ತದೆ, ಅದು ಸೇರಬೇಕು.

ದಿನಗಳು ಗೊತ್ತಾದ ಮೇಲೆ ಅವುಗಳಿಗೆ ಬೆಲೆ ಕಟ್ಟಬೇಕು, ಇಲ್ಲದಿದ್ದರೆ 51 ಎಂಬುದು ಬರಿಯ ಅಂಕಿಯಾಗಿ ಉಳಿಯುತ್ತದೆ. ನಾನು ಮಾಡುವ ರೀತಿ ಇದು. ಒಂದು ಲಕ್ಷ ರೂಪಾಯಿಯ ಮಾಲು ಒಂದು ದಿನ ಕುಳಿತರೆ ಎಷ್ಟು ಖರ್ಚು? ಸಾಲದ ಬಡ್ಡಿ ವರ್ಷಕ್ಕೆ ಶೇಕಡಾ 11 ಎಂದಿಟ್ಟುಕೊಂಡರೆ, ಲಕ್ಷಕ್ಕೆ 11 ಸಾವಿರ, ದಿನಕ್ಕೆ ಸುಮಾರು 30 ರೂಪಾಯಿ. ವಿಮೆ, ಹುಳ, ಇಲಿ, ಒಣಗಿ ಕಳೆಯುವ ತೂಕ, ಹರಿದ ಚೀಲ, ಒಡೆದ ಪೆಟ್ಟಿಗೆ ಇವೆಲ್ಲಕ್ಕೆ ಈ ಅಂಗಡಿಯಲ್ಲಿ ಹಿಂದಿನ ವರ್ಷದ ಪುಸ್ತಕ ನೋಡಿದಾಗ 6 ರೂಪಾಯಿ ಬಂದಿತು. ಎರಡನೆಯ ಗೋದಾಮಿನ ಬಾಡಿಗೆಯನ್ನು ಹಂಚಿದರೆ ಇನ್ನು 4 ರೂಪಾಯಿ. ಒಟ್ಟು ಲಕ್ಷಕ್ಕೆ ದಿನಕ್ಕೆ 40 ರೂಪಾಯಿ, ವರ್ಷಕ್ಕೆ 14,600. ನಿಮ್ಮ ಅಂಗಡಿಯ ಅಂಕಿ ಬೇರೆ ಇರಬಹುದು. ಅದನ್ನು ನಿಮ್ಮ ಪುಸ್ತಕದಿಂದಲೇ ತೆಗೆಯಬೇಕು, ನನ್ನದನ್ನು ಎತ್ತಿಕೊಳ್ಳಬಾರದು.

ಇಲ್ಲಿ ಎರಡು ಆಕ್ಷೇಪಗಳು ಯಾವಾಗಲೂ ಬರುತ್ತವೆ. ನನ್ನದು ಸಾಲದ ಹಣವಲ್ಲ, ಸ್ವಂತ ಬಂಡವಾಳ, ಬಡ್ಡಿ ಏಕೆ ಹಾಕಬೇಕು ಎಂಬುದು ಮೊದಲನೆಯದು. ಅಂಗಡಿಯಲ್ಲಿ ಒಂದು ರೂಪಾಯಿ ಸಾಲ ಇದ್ದರೂ, ಮಾಲು ಕರಗಿದ ದಿನ ಆ ಹಣ ಸಾಲ ತೀರಿಸುತ್ತದೆ, ಆದ್ದರಿಂದ ಸಾಲದ ಬಡ್ಡಿಯೇ ಸರಿಯಾದ ದರ. ಸಾಲವೇ ಇಲ್ಲದವರು ಆ ಹಣವನ್ನು ಠೇವಣಿ ಇಟ್ಟರೆ ಬರುವ ಬಡ್ಡಿಯನ್ನು ಹಾಕಿಕೊಳ್ಳಲಿ, ದರ ಕಡಿಮೆಯಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ಎರಡನೆಯ ಆಕ್ಷೇಪ ಬಾಡಿಗೆಯದು, ಮತ್ತು ಅದು ಸರಿಯಾದ ಆಕ್ಷೇಪ. ಗೋದಾಮು ಅರ್ಧ ಖಾಲಿಯಾದರೂ ಬಾಡಿಗೆ ಅಷ್ಟೇ ಕೊಡಬೇಕು. ಗೋದಾಮನ್ನು ಬಿಟ್ಟುಕೊಡುವವರೆಗೆ ಆ 4 ರೂಪಾಯಿ ಉಳಿತಾಯವಾಗುವುದಿಲ್ಲ. ಆದ್ದರಿಂದ ಉಳಿತಾಯದ ಲೆಕ್ಕ ಹಾಕುವಾಗ 36 ರೂಪಾಯಿಯನ್ನು ಹಿಡಿಯಿರಿ, ಹೊಸ ಗೋದಾಮು ಹಿಡಿಯಬೇಕೇ ಬೇಡವೇ ಎಂದು ಯೋಚಿಸುವಾಗ 40ನ್ನು ಹಿಡಿಯಿರಿ.

ಇನ್ನು, 51 ದಿನ ಹೆಚ್ಚೋ ಕಡಿಮೆಯೋ? ಇಡೀ ಅಂಗಡಿಯ ಅಂಕಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಸಕ್ಕರೆಯನ್ನೂ ಏಲಕ್ಕಿಯನ್ನೂ ಕೂಡಿಸಿ ಭಾಗಿಸಿದ ಸರಾಸರಿ ಎರಡಕ್ಕೂ ಸೇರಿದ್ದಲ್ಲ. ಅದಕ್ಕಾಗಿ ನಾವು ಮಾಲನ್ನು ನಾಲ್ಕು ಗುಂಪು ಮಾಡಿದೆವು. ಸಕ್ಕರೆ, ಎಣ್ಣೆ, ರವೆ, ಮೈದಾ ಮೊದಲನೆಯ ಗುಂಪು. ವರ್ಷಕ್ಕೆ 5 ಕೋಟಿ 4 ಲಕ್ಷದ ಮಾಲು ಹೋಗುತ್ತದೆ, ಸರಾಸರಿ ದಾಸ್ತಾನು 21 ಲಕ್ಷ, ಅಂದರೆ 15 ದಿನ. ಬೇಳೆಕಾಳು ಎರಡನೆಯದು. ವರ್ಷಕ್ಕೆ 3 ಕೋಟಿ ಹೋಗುತ್ತದೆ, ದಾಸ್ತಾನು 50 ಲಕ್ಷ, 61 ದಿನ. ಸಾಬೂನು, ಚಹಾಪುಡಿ, ಬಿಸ್ಕತ್ತಿನಂಥ ಪ್ಯಾಕೆಟ್ ಮಾಲು ಮೂರನೆಯದು. 1 ಕೋಟಿ 44 ಲಕ್ಷ ಹೋಗುತ್ತದೆ, ದಾಸ್ತಾನು 34 ಲಕ್ಷ, 86 ದಿನ. ಮಸಾಲೆ, ಒಣಹಣ್ಣು, ಊದುಬತ್ತಿ ಮತ್ತು ಇತರ ಬಿಡಿ ಸಾಮಾನು ಕೊನೆಯದು. ವರ್ಷಕ್ಕೆ ಹೋಗುವುದು 60 ಲಕ್ಷ ಮಾತ್ರ, ದಾಸ್ತಾನು 35 ಲಕ್ಷ, 213 ದಿನ. ಮಾರಾಟದಲ್ಲಿ ನೂರಕ್ಕೆ ಆರು ಭಾಗವಷ್ಟೇ ಇರುವ ಗುಂಪು ಗೋದಾಮಿನ ಹಣದ ಕಾಲು ಭಾಗವನ್ನು ಹಿಡಿದು ಕುಳಿತಿತ್ತು.

ಯಜಮಾನರಿಗೆ ಇಷ್ಟವಾದ ಗುಂಪು ಇದೇ ಆಗಿತ್ತು, ಏಕೆಂದರೆ ಇದರಲ್ಲಿ ಅಸಲಿನ ಮೇಲೆ ಶೇಕಡಾ 12 ಲಾಭ. ಸಕ್ಕರೆ ಗುಂಪಿನಲ್ಲಿ ಶೇಕಡಾ 2 ಮಾತ್ರ, ಅದನ್ನು ಅವರು ಗಿರಾಕಿ ಹಿಡಿಯುವ ಮಾಲು ಎಂದು ಕರೆಯುತ್ತಿದ್ದರು. ಈಗ ಲಾಭವನ್ನು ಮಾರಾಟದ ಮೇಲೆ ನೋಡದೆ, ಗೋದಾಮಿನಲ್ಲಿ ತೊಡಗಿಸಿದ ಹಣದ ಮೇಲೆ ನೋಡಿ. ಸಕ್ಕರೆಯಲ್ಲಿ 2 ರೂಪಾಯಿ ಲಾಭ ವರ್ಷಕ್ಕೆ 24 ಸಲ ಬರುತ್ತದೆ, ಹೀಗಾಗಿ 100 ರೂಪಾಯಿ ದಾಸ್ತಾನು ವರ್ಷಕ್ಕೆ 48 ರೂಪಾಯಿ ದುಡಿಯುತ್ತದೆ. ಮಸಾಲೆ ಗುಂಪಿನಲ್ಲಿ 12 ರೂಪಾಯಿ ಲಾಭ ಎರಡು ಸಲವೂ ಬರುವುದಿಲ್ಲ. 1.7 ಸುತ್ತಿನ ಲೆಕ್ಕದಲ್ಲಿ 100 ರೂಪಾಯಿ ದಾಸ್ತಾನು ದುಡಿಯುವುದು ವರ್ಷಕ್ಕೆ 20 ರೂಪಾಯಿಯಿಂದ 21ರವರೆಗೆ ಮಾತ್ರ. ಅದನ್ನು ಇಟ್ಟುಕೊಳ್ಳುವ ಖರ್ಚು 14 ರೂಪಾಯಿ 60 ಪೈಸೆ. ಉಳಿಯುವುದು 6 ರೂಪಾಯಿ. ಬೇಳೆ ಮತ್ತು ಪ್ಯಾಕೆಟ್ ಮಾಲು ಎರಡೂ 24, 25 ರೂಪಾಯಿಯ ಆಸುಪಾಸಿನಲ್ಲಿ ನಿಂತಿದ್ದವು.

ಈ ಹೋಲಿಕೆಗೆ ಒಂದು ಮಿತಿ ಇದೆ, ಅದನ್ನು ಮರೆಯಬಾರದು. ಸಕ್ಕರೆ ಮತ್ತು ಎಣ್ಣೆಯ ಪ್ರತಿ ಸುತ್ತಿಗೂ ಹಮಾಲಿ, ಟೆಂಪೋ ಬಾಡಿಗೆ ಇದೆ. 24 ಸಲ ಇಳಿಸಿ ಏರಿಸುವ ಖರ್ಚು 48 ರೂಪಾಯಿಯಿಂದಲೇ ಹೋಗಬೇಕು, ಏಲಕ್ಕಿಗೆ ಅಂಥ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು, ಸೇಡಂನಿಂದ ಬರುವ ಅಂಗಡಿಯವನು ಸಕ್ಕರೆ, ಬೇಳೆ, ಮಸಾಲೆ ಮೂರನ್ನೂ ಒಂದೇ ಕಡೆ ಕೊಳ್ಳಬಯಸುತ್ತಾನೆ. ಮಸಾಲೆ ಇಲ್ಲವೆಂದರೆ ಸಕ್ಕರೆಯನ್ನೂ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾನೆ. ಆದ್ದರಿಂದ ಈ ಅಂಕಿಯನ್ನು ನೋಡಿ ಗುಂಪನ್ನೇ ತೆಗೆದುಹಾಕುವುದು ತಪ್ಪು. ಗುಂಪಿನೊಳಗೆ ಯಾವ ಮಾಲು ಕುಳಿತಿದೆ ಎಂದು ಹುಡುಕಬೇಕು.

ಹುಡುಕಿದೆವು. ಟ್ಯಾಲಿಯ Ageing Analysis ಒಂದು ಪಟ್ಟಿ ಕೊಡುತ್ತದೆ, ಆದರೆ ಅದು ಪುಸ್ತಕದ ದಿನಾಂಕಗಳನ್ನು ನೋಡುತ್ತದೆಯೇ ಹೊರತು ಚೀಲವನ್ನು ನೋಡುವುದಿಲ್ಲ. ಮೊದಲು ಬಂದದ್ದು ಮೊದಲು ಹೋಗಿದೆ ಎಂದು ಪುಸ್ತಕ ನಂಬುತ್ತದೆ, ಗೋದಾಮಿನಲ್ಲಿ ಮುಂದೆ ಇಟ್ಟದ್ದು ಮೊದಲು ಹೋಗಿರುತ್ತದೆ. ಅದಕ್ಕಾಗಿ ಪಟ್ಟಿ ಹಿಡಿದು ಗೋಡೆಯ ಕಡೆಯ ಸಾಲಿನವರೆಗೆ ಹೋಗಿ ನೋಡಬೇಕಾಯಿತು. 35 ಲಕ್ಷದಲ್ಲಿ 11 ಲಕ್ಷದ ಮಾಲು ಆರು ತಿಂಗಳಿಂದ ಒಂದು ಪೆಟ್ಟಿಗೆಯೂ ಕದಲಿರಲಿಲ್ಲ. ಅದನ್ನು ಮಾರಲು ಯಜಮಾನರು ಒಪ್ಪಲಿಲ್ಲ, ಅಸಲು ಬೆಲೆ ಬರುವವರೆಗೆ ಕಾಯುತ್ತೇನೆ ಎಂದರು. ನಾವು ಲೆಕ್ಕ ತೋರಿಸಿದೆವು. 11 ಲಕ್ಷಕ್ಕೆ ದಿನಕ್ಕೆ 36ರಂತೆ ವರ್ಷಕ್ಕೆ 1 ಲಕ್ಷ 44 ಸಾವಿರ. ಒಂದು ವರ್ಷ ಕಾದು ಅಸಲು ಬೆಲೆ ಬಂದರೂ ಇಷ್ಟು ನಷ್ಟ ಖಚಿತ, ಮಾಲು ಹಳತಾದಷ್ಟೂ ಆ ಬೆಲೆ ಬರುವ ಸಂಭವ ಕಡಿಮೆ. ಲೆಕ್ಕಪದ್ಧತಿಯೂ ಇದನ್ನೇ ಕೇಳುತ್ತದೆ: ದಾಸ್ತಾನಿಗೆ ಅಸಲು ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಯಾವುದು ಕಡಿಮೆಯೋ ಅದನ್ನೇ ಹಾಕಬೇಕು. ಅಂದರೆ ನಷ್ಟ ಆಗಲೇ ಆಗಿಹೋಗಿದೆ, ಮಾರಾಟ ಅದನ್ನು ತೋರಿಸುತ್ತದೆ ಅಷ್ಟೆ. ಕೊನೆಗೆ ಮೂರು ತಿಂಗಳಲ್ಲಿ ಎಂಟೂವರೆ ಲಕ್ಷಕ್ಕೆ ಹೋಯಿತು.

ಪ್ಯಾಕೆಟ್ ಮಾಲಿನ 86 ದಿನಕ್ಕೆ ಕಾರಣ ಬೇರೆಯಾಗಿತ್ತು. ಅಲ್ಲಿ ಸತ್ತ ಮಾಲು ಇರಲಿಲ್ಲ, ಸ್ಕೀಮ್ ಮಾಲು ಇತ್ತು. ತಿಂಗಳ ಕೊನೆಗೆ ಕಂಪನಿಯ ಪ್ರತಿನಿಧಿ ಬಂದು, ಮೂರು ತಿಂಗಳ ಮಾಲು ಒಮ್ಮೆಲೇ ಎತ್ತಿದರೆ ಶೇಕಡಾ 2 ಹೆಚ್ಚುವರಿ ರಿಯಾಯಿತಿ ಎಂದು ಹೇಳುವುದು ನಿಮಗೆ ಹೊಸದೇನಲ್ಲ. ಎರಡು ರೂಪಾಯಿ ಸುಮ್ಮನೆ ಬರುತ್ತಿದೆ ಎಂದು ನಮಗೆ ಅನ್ನಿಸುತ್ತದೆ. ಲೆಕ್ಕ ಹೀಗೆ ಮಾಡಬೇಕು. ಒಂದು ಸಾಬೂನು 15 ದಿನಕ್ಕೆ 1 ಲಕ್ಷದಷ್ಟು ಹೋಗುತ್ತದೆ, ಎಂದಿನಂತೆ 15 ದಿನಕ್ಕೊಮ್ಮೆ 1 ಲಕ್ಷದ ಮಾಲು ತರಿಸುತ್ತೇವೆ. ತಂದ ದಿನ 1 ಲಕ್ಷ, ಕೊನೆಯ ದಿನ ಸೊನ್ನೆ, ಸರಾಸರಿ 50 ಸಾವಿರ ಕುಳಿತಿರುತ್ತದೆ. ಸ್ಕೀಮಿನಲ್ಲಿ 6 ಲಕ್ಷದ ಮಾಲು ಬಂದು 90 ದಿನದಲ್ಲಿ ಕರಗುತ್ತದೆ, ಸರಾಸರಿ 3 ಲಕ್ಷ ಕುಳಿತಿರುತ್ತದೆ. ಹೆಚ್ಚಿಗೆ ಕುಳಿತದ್ದು ಎರಡೂವರೆ ಲಕ್ಷ, 90 ದಿನ, ಲಕ್ಷಕ್ಕೆ ದಿನಕ್ಕೆ 40ರಂತೆ 9 ಸಾವಿರ ರೂಪಾಯಿ. ರಿಯಾಯಿತಿ 12 ಸಾವಿರ. 3 ಸಾವಿರ ಉಳಿಯಿತು, ಸ್ಕೀಮ್ ಒಳ್ಳೆಯದೇ.

ಆದರೆ ಆ ಮಾಲು 90 ದಿನದಲ್ಲಿ ಹೋಗದೆ 150 ದಿನ ಹಿಡಿದರೆ? ಆಗ ಮಾರಾಟದ ವೇಗವೇ ಕಡಿಮೆ ಇರುವುದರಿಂದ ಎಂದಿನ ಖರೀದಿಯಲ್ಲಿ ಸರಾಸರಿ 30 ಸಾವಿರ ಮಾತ್ರ ಕುಳಿತಿರುತ್ತಿತ್ತು. ಹೆಚ್ಚಿಗೆ ಕುಳಿತದ್ದು 2 ಲಕ್ಷ 70 ಸಾವಿರ, 150 ದಿನ, ಖರ್ಚು 16,200. ರಿಯಾಯಿತಿ ಅದೇ 12 ಸಾವಿರ. 4,200 ಕೈಬಿಟ್ಟುಹೋಯಿತು. ಇದಲ್ಲದೆ ಎಂದಿನ ಖರೀದಿಗೆ 15 ದಿನದ ಉದ್ರಿ ಸಿಗುತ್ತಿದ್ದು, ಸ್ಕೀಮಿಗೆ ಮಾತ್ರ ನಗದು ಕೊಡಬೇಕಾಗಿದ್ದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಉದ್ರಿಯ ದಿನಗಳಲ್ಲಿ ಕುಳಿತ ಮಾಲಿಗೆ ಬಡ್ಡಿ ಬೀಳುತ್ತಿರುವುದು ನಮಗಲ್ಲ, ಕಳುಹಿಸಿದವನಿಗೆ. ಸ್ಕೀಮ್ ಒಪ್ಪುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ರಿಯಾಯಿತಿ ಎಷ್ಟು ಎಂಬುದಲ್ಲ, ಈ ಮಾಲು ಕಳೆದ ಆರು ತಿಂಗಳಲ್ಲಿ ನಿಜವಾಗಿ ದಿನಕ್ಕೆ ಎಷ್ಟು ಹೋಗಿದೆ ಎಂಬುದು. ಈ ಅಂಗಡಿಯಲ್ಲಿ ಒಂದು ವರ್ಷದ ಸ್ಕೀಮುಗಳನ್ನೆಲ್ಲ ತೆಗೆದು ನೋಡಿದಾಗ, ಚಹಾಪುಡಿಯ ಸ್ಕೀಮುಗಳು ಲಾಭ ತಂದಿದ್ದವು, ಹೊಸ ಹೆಸರಿನ ಸಾಬೂನು ಮತ್ತು ಬಟ್ಟೆ ಪುಡಿಯವು ತಂದಿರಲಿಲ್ಲ.

ಈಗ ತೊಗರಿಬೇಳೆಗೆ ಬರೋಣ. ಈ ಊರಿನಲ್ಲಿ ನಿಂತು ಅದನ್ನು ಬಿಟ್ಟು ಮಾತನಾಡಲಾಗದು. 2019ರಲ್ಲಿ ಭೌಗೋಳಿಕ ಸೂಚಿ ಪಡೆದ ಬೇಳೆ ನಮ್ಮದು, ಅದರ ರುಚಿ ಮತ್ತು ಬೇಗ ಬೇಯುವ ಗುಣವನ್ನು ನಾನು ಇಲ್ಲಿ ವರ್ಣಿಸಬೇಕಾಗಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೊಸ ತೊಗರಿ ಬರುವಾಗ ಬೆಲೆ ಇಳಿಯುತ್ತದೆ, ಮಳೆಗಾಲಕ್ಕೆ ಏರುತ್ತದೆ ಎಂಬ ನಂಬಿಕೆಯಿಂದ ಬೇಳೆಯನ್ನು ತುಂಬಿಡುವುದು ಇಲ್ಲಿನ ಹಳೆಯ ರೂಢಿ. ಬೇಳೆಯ ಬೆಲೆ ಕ್ವಿಂಟಲ್‌ಗೆ 10 ಸಾವಿರ ಎಂದಿಟ್ಟುಕೊಂಡರೆ, ಲಕ್ಷಕ್ಕೆ 40 ಎಂಬುದು ಕ್ವಿಂಟಲ್‌ಗೆ ದಿನಕ್ಕೆ 4 ರೂಪಾಯಿಯಾಗುತ್ತದೆ. 120 ದಿನ ಇಟ್ಟರೆ 480 ರೂಪಾಯಿ. ಬೆಲೆ 10,480 ಮುಟ್ಟಿದರೆ ನಾವು ಕೊಂಡ ದಿನವಿದ್ದ ಜಾಗದಲ್ಲೇ ನಿಂತಿರುತ್ತೇವೆ, ಅದರ ಮೇಲೆ ಏರಿದ್ದು ಮಾತ್ರ ಲಾಭ. 300 ರೂಪಾಯಿ ಏರಿದಾಗ ಮಾರಿ ಲಾಭವಾಯಿತು ಎಂದು ಸಂತೋಷಪಟ್ಟವರ ಪುಸ್ತಕಗಳನ್ನು ನಾನು ನೋಡಿದ್ದೇನೆ. ಆ ವರ್ಷ ಅವರ ಬಡ್ಡಿಯ ಖಾತೆ ಮಾತ್ರ ಏಕೆ ಉಬ್ಬಿತು ಎಂದು ಅವರಿಗೆ ಹೊಳೆದಿರಲಿಲ್ಲ.

ಬೆಲೆಯ ಏರಿಳಿತ ನೋಡಿ ಮಾಲು ಇಡಬೇಡಿ ಎಂದು ನಾನು ಹೇಳುತ್ತಿಲ್ಲ, ಅದು ನಿಮ್ಮ ವ್ಯಾಪಾರದ ತೀರ್ಮಾನ. ಆದರೆ ಆ ಬೇಳೆಯನ್ನು ದಿನನಿತ್ಯದ ವ್ಯಾಪಾರದ ಬೇಳೆಯ ಜೊತೆ ಒಂದೇ ಖಾತೆಯಲ್ಲಿ ಇಡಬೇಡಿ. ಎರಡನ್ನೂ ಕೂಡಿಸಿದರೆ 61 ದಿನ ಎಂಬ ಅಂಕಿ ಬರುತ್ತದೆ, ಅದರಲ್ಲಿ ಗಿರಾಕಿಗಾಗಿ ಇಟ್ಟದ್ದೆಷ್ಟು, ಬೆಲೆಗಾಗಿ ಇಟ್ಟದ್ದೆಷ್ಟು ಎಂದು ತಿಳಿಯುವುದಿಲ್ಲ. ಮೊದಲನೆಯದನ್ನು ದಿನಗಳಿಂದ ಅಳೆಯಬೇಕು, ಎರಡನೆಯದನ್ನು ಕ್ವಿಂಟಲ್‌ಗೆ ದಿನಕ್ಕೆ 4 ರೂಪಾಯಿಯ ಲೆಕ್ಕದಿಂದ ಅಳೆಯಬೇಕು. ಅದಕ್ಕೆ ಬೇರೆಯೇ ಅಪಾಯಗಳೂ ಇವೆ. ಮ್ಯಾನ್ಮಾರ್ ಮತ್ತು ಆಫ್ರಿಕಾದಿಂದ ತೊಗರಿ ಆಮದಾದರೆ ಬೆಲೆ ತಿರುಗುತ್ತದೆ. ಕೇಂದ್ರ ಸರ್ಕಾರ ದಾಸ್ತಾನು ಮಿತಿ ಹಾಕಿದರೆ ನಮಗೆ ಬೇಕಾದ ದಿನ ಅಲ್ಲ, ಸರ್ಕಾರ ಹೇಳಿದ ದಿನದೊಳಗೆ ಮಾರಬೇಕಾಗುತ್ತದೆ. 2023ರ ಜೂನಿನಲ್ಲಿ ತೊಗರಿ ಮತ್ತು ಉದ್ದಿಗೆ ಸಗಟು ವರ್ತಕರಿಗೆ 200 ಟನ್ ಎಂದಿದ್ದ ಮಿತಿಯನ್ನು ಅದೇ ಸೆಪ್ಟೆಂಬರಿನಲ್ಲಿ 50 ಟನ್‌ಗೆ ಇಳಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರುತ್ತದೆ.

ಬೇಳೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಬೆಲೆ ಬಹಳ ಏರಿಳಿಯುವ ವರ್ಷದಲ್ಲಿ ರೂಪಾಯಿಯಲ್ಲಿ ಹಾಕಿದ ಸುತ್ತು ದಾರಿ ತಪ್ಪಿಸುತ್ತದೆ. ಬೆಲೆ ಏರುತ್ತಿರುವಾಗ, ಮೊದಲು ಬಂದದ್ದು ಮೊದಲು ಹೋಗುತ್ತದೆ ಎಂಬ ಪುಸ್ತಕದ ಲೆಕ್ಕದಲ್ಲಿ ಮಾರಿದ ಮಾಲಿಗೆ ಹಳೆಯ ಅಗ್ಗದ ಅಸಲು ಬೀಳುತ್ತದೆ, ಹೊಸ ಬೆಲೆಯ ಖರೀದಿ ದಾಸ್ತಾನನ್ನು ಹಿಗ್ಗಿಸುತ್ತದೆ, ಒಂದು ಚೀಲವೂ ಕಡಿಮೆ ಹೋಗದಿದ್ದರೂ ಸುತ್ತು ಕಡಿಮೆಯಾದಂತೆ ತೋರುತ್ತದೆ. ಒಂದೇ ಬಗೆಯ ಮಾಲಿಗೆ ಕ್ವಿಂಟಲ್‌ನಲ್ಲೇ ಲೆಕ್ಕ ಹಾಕುವುದು ಇದಕ್ಕೆ ಸುಲಭ ಪರಿಹಾರ. ವರ್ಷಕ್ಕೆ 3,000 ಕ್ವಿಂಟಲ್ ಹೋಗುತ್ತದೆ, ಸರಾಸರಿ 500 ಕ್ವಿಂಟಲ್ ಇರುತ್ತದೆ, ಹೀಗಾಗಿ 61 ದಿನ. ಇದಕ್ಕೆ ಬೆಲೆಯ ಏರಿಳಿತ ತಟ್ಟುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ದಿನಗಳನ್ನು ಕಡಿಮೆ ಮಾಡಿದಷ್ಟೂ ಒಳ್ಳೆಯದು ಎಂಬ ಭಾವನೆ ಬರಬಹುದು. ಅದನ್ನು ತಡೆಯಬೇಕೆಂದೇ ಆ ಅಂಗಡಿಯಲ್ಲಿ ಮುಂದೆ ನಡೆದದ್ದನ್ನೂ ಹೇಳುತ್ತೇನೆ. ಯಜಮಾನರ ಮಗ ಈ ಲೆಕ್ಕವನ್ನು ಬಹಳ ಶ್ರದ್ಧೆಯಿಂದ ಹಿಡಿದುಕೊಂಡರು. ಜುಲೈ ಕೊನೆಗೆ ಕಡಲೆಬೇಳೆ 90 ಕ್ವಿಂಟಲ್ ಇತ್ತು, ಜುಲೈನಲ್ಲಿ ಹೋದದ್ದು 30 ಕ್ವಿಂಟಲ್. ಸುಮಾರು 93 ದಿನದ ಮಾಲು ಇದೆ ಎಂದು ಲೆಕ್ಕ ಹಾಕಿ ಅವರು ಖರೀದಿ ನಿಲ್ಲಿಸಿದರು. ಆದರೆ ಮುಂದಿದ್ದದ್ದು ಶ್ರಾವಣ ಮತ್ತು ಗಣೇಶ ಚತುರ್ಥಿ. ಮನೆಮನೆಯಲ್ಲಿ ಹೋಳಿಗೆ ಆಗುವ ಆ ಎರಡು ತಿಂಗಳಲ್ಲಿ ಹಿಂದಿನ ವರ್ಷ ತಿಂಗಳಿಗೆ 60 ಕ್ವಿಂಟಲ್ ಹೋಗಿತ್ತು. ಮುಂದಿನ ಮಾರಾಟದಿಂದ ಭಾಗಿಸಿದ್ದರೆ ಆ 90 ಕ್ವಿಂಟಲ್ 45 ದಿನಕ್ಕೆ ಮಾತ್ರ ಸಾಕಾಗುತ್ತದೆ ಎಂಬುದು ಗೊತ್ತಾಗುತ್ತಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಮಾಲು ಮುಗಿಯಿತು. ಅವಸರದಲ್ಲಿ ಇದೇ ಪೇಟೆಯ ಇನ್ನೊಬ್ಬ ಸಗಟು ವರ್ತಕರಿಂದ ಹೆಚ್ಚು ಬೆಲೆಗೆ ಕೊಂಡು ಗಿರಾಕಿಗಳಿಗೆ ಕೊಡಬೇಕಾಯಿತು.

ತಪ್ಪು ಅವರದ್ದಲ್ಲ, ಸೂತ್ರವನ್ನು ಅವರಿಗೆ ಅರ್ಧ ಹೇಳಿದ್ದು ನಾವು. ಕಳೆದ ವರ್ಷದ ವೆಚ್ಚ ಹೇಗಿತ್ತು ಎಂದು ಪರೀಕ್ಷಿಸುವಾಗ ಹಿಂದಿನ ಮಾರಾಟದಿಂದ ಭಾಗಿಸಬೇಕು, ನಾಳೆ ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಮುಂದಿನ ಮಾರಾಟದಿಂದ ಭಾಗಿಸಬೇಕು. ದೀಪಾವಳಿಯ ನಂತರ ಇದೇ ತಪ್ಪು ತಿರುಗಿ ಬರುತ್ತದೆ. ಹಬ್ಬದ ತಿಂಗಳ ಮಾರಾಟದಿಂದ ಭಾಗಿಸಿದರೆ 25 ದಿನದ ಮಾಲು ಎಂದು ಕಂಡದ್ದು, ನಿಜದಲ್ಲಿ ಎರಡು ತಿಂಗಳು ಕುಳಿತುಕೊಳ್ಳುತ್ತದೆ. ಕನಿಷ್ಠ ಎಷ್ಟು ದಿನದ ಮಾಲು ಇರಬೇಕು ಎಂಬುದನ್ನು ಮಾಲು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತದೆ ಎಂಬುದು ಹೇಳುತ್ತದೆ. ಆಳಂದ, ಅಫಜಲಪುರ ಕಡೆಯ ಕಾರ್ಖಾನೆಯಿಂದ ಸಕ್ಕರೆ ಬರಲು ಹೆಚ್ಚು ದಿನ ಬೇಕಾಗಿಲ್ಲ, ದೂರದಿಂದ ಬರುವ ಒಣಹಣ್ಣಿಗೆ ವಾರಗಳೇ ಬೇಕು. ದಿನ ತಗ್ಗಿಸಲೆಂದು ಸಣ್ಣ ಸಣ್ಣ ಗಾಡಿಯಲ್ಲಿ ತರಿಸಿದರೆ ಚೀಲಕ್ಕೆ ಬೀಳುವ ಬಾಡಿಗೆ ಏರುತ್ತದೆ, ಉಳಿಸಿದ 36 ರೂಪಾಯಿ ಅಲ್ಲಿ ಹೋಗುತ್ತದೆ. ಆ ಎರಡು ಖರ್ಚುಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡದೆ ಯಾವ ಮಾಲಿನ ದಿನವನ್ನೂ ನಿಗದಿ ಮಾಡಬಾರದು.

ಎರಡನೆಯ ವರ್ಷದ ಕೊನೆಗೆ ಆ ಅಂಗಡಿಯ ಹನ್ನೆರಡು ತಿಂಗಳ ಸರಾಸರಿ ದಾಸ್ತಾನು 1 ಕೋಟಿ 12 ಲಕ್ಷಕ್ಕೆ ಇಳಿಯಿತು. ಮಾರಿದ ಮಾಲಿನ ಅಸಲು ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ದಾಸ್ತಾನಿನ ದಿನಗಳು 51ರಿಂದ 41ಕ್ಕೆ ಬಂದವು. ಕಡಿಮೆಯಾದ 28 ಲಕ್ಷಕ್ಕೆ ದಿನಕ್ಕೆ 36ರಂತೆ ಲೆಕ್ಕ ಹಾಕಿದರೆ ಪೂರ್ಣ ವರ್ಷಕ್ಕೆ 3 ಲಕ್ಷ 68 ಸಾವಿರದಷ್ಟಾಗುತ್ತದೆ. ಅದರಲ್ಲಿ ಎರಡೂವರೆ ಲಕ್ಷ ಆ ವರ್ಷ ಹಳೆಯ ಮಾಲಿನ ನಷ್ಟಕ್ಕೇ ಹೋಯಿತು, ಕಡಲೆಬೇಳೆಯ ಅವಸರದ ಖರೀದಿಯೂ ಸ್ವಲ್ಪ ತಿಂದಿತು. ಸಿಸಿ ಖಾತೆ ಮಿತಿಯ ಅಂಚಿನಲ್ಲಿ ನಿಂತ ತಿಂಗಳುಗಳು ಎಂಟರಿಂದ ಮೂರಕ್ಕೆ ಇಳಿದವು. ಎರಡನೆಯ ಗೋದಾಮು ಬಹುತೇಕ ಖಾಲಿಯಾಗಿದ್ದರೂ ಕರಾರು ಮುಗಿಯದ ಕಾರಣ ಬಾಡಿಗೆ ಹೋಗುತ್ತಲೇ ಇತ್ತು. ಮೂರನೆಯ ವರ್ಷದ ಜೂನಿನಲ್ಲಿ ಕರಾರು ಮುಗಿದಾಗ, ಅದನ್ನು ಮುಂದುವರಿಸಬೇಕೇ ಎಂದು ತೀರ್ಮಾನಿಸಲು ಯಜಮಾನರು ಮಾರ್ಚ್ 31ರ ಅಂಕಿಯನ್ನು ಕೇಳಲಿಲ್ಲ. ಹಿಂದಿನ ಸೆಪ್ಟೆಂಬರ್ ಕೊನೆಯ ಅಂಕಿಯನ್ನು ಕೇಳಿದರು, ಆ ಮಾಲು ಒಂದೇ ಗೋದಾಮಿನಲ್ಲಿ ಹಿಡಿಯುತ್ತದೆಯೇ ಎಂದು ಹಮಾಲರ ಮುಖ್ಯಸ್ಥರನ್ನು ಕರೆದು ಕೇಳಿದರು, ಹಿಡಿಯುತ್ತದೆ ಎಂದ ಮೇಲೆ ಬೀಗದ ಕೈಯನ್ನು ಹಿಂದಿರುಗಿಸಿದರು.